ಪ್ಲೇಟಿನಲ್ಲಿ 150 ಕಾಲೊನಿ ಬಂದರೆ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಎಷ್ಟು?

ಪ್ರಶ್ನೆ: ಡೊಂಬಿವಲಿಯಲ್ಲಿ ಬಿಎಸ್ಸಿ ಮೈಕ್ರೊಬಯಾಲಜಿ ಓದುತ್ತಿದ್ದೇನೆ. ಮಣ್ಣಿನಿಂದ ಬ್ಯಾಕ್ಟೀರಿಯಾ ಬೇರ್ಪಡಿಸುವ ಪ್ರಾಕ್ಟಿಕಲ್ ಮುಗಿದಿದೆ, ಈಗ ಜರ್ನಲ್ ಬರೆಯಬೇಕು. 10⁻³ ಪ್ಲೇಟುಗಳಲ್ಲಿ ಎಣಿಸಲಾಗದಷ್ಟು ಕಾಲೊನಿ ಬಂದಿವೆ. 10⁻⁴ರಲ್ಲಿ 142 ಮತ್ತು 158, 10⁻⁵ರಲ್ಲಿ 17 ಮತ್ತು 12. ಮಣ್ಣಿನಲ್ಲಿ ಒಟ್ಟು ಎಷ್ಟು ಬ್ಯಾಕ್ಟೀರಿಯಾ ಇವೆ ಎಂದು ಬರೆಯಲಿ?

ಉತ್ತರ: ಪ್ರತಿ ಮಳೆಗಾಲದಲ್ಲೂ ಇದೇ ಪ್ರಶ್ನೆ ಬರುತ್ತದೆ, ಅಂಕಿಗಳಷ್ಟೇ ಬೇರೆ. ಈ ಸಲ ಲೆಕ್ಕವನ್ನೂ, ಆ ‘ಒಟ್ಟು’ ಎಂಬ ಪದವನ್ನೂ ಬಿಡಿಸಿ ಹೇಳುತ್ತೇನೆ.

ಉದ್ದೇಶ, ತತ್ವ, ಸಾಮಗ್ರಿ ಈ ಮೂರು ಭಾಗಗಳಿಗೆ ಒಂದು ಪುಟ ಸಾಕು. ವಿಧಾನದ ಭಾಗದಲ್ಲಿ ಮಾತ್ರ ಮ್ಯಾನ್ಯುಯಲ್ ನೋಡಿ ನಕಲು ಮಾಡಬೇಡಿ, ನೀವು ಮಾಡಿದ್ದನ್ನು ಬರೆಯಿರಿ. ಮ್ಯಾನ್ಯುಯಲ್‌ನಲ್ಲಿ 10 ಗ್ರಾಂ ಮಣ್ಣು, 90 ಮಿಲಿ ಸಲೈನ್ ಎಂದಿದ್ದು ನೀವು 1 ಗ್ರಾಂ ಮಣ್ಣನ್ನು 9 ಮಿಲಿಗೆ ಹಾಕಿದ್ದರೆ ಹಾಗೆಯೇ ಬರೆಯಿರಿ. ಮಣ್ಣು ಎಲ್ಲಿಯದು, ಎಷ್ಟು ಆಳದ್ದು, ಹಿಂದಿನ ದಿನ ಮಳೆ ಬಂದಿತ್ತೇ, ಯಾವ ಅಗರ್, ಎಷ್ಟು ಡಿಗ್ರಿ, ಎಷ್ಟು ಗಂಟೆ: ಇವಿಲ್ಲದೆ ನಿಮ್ಮ ಅಂಕಿಗೆ ಅರ್ಥವಿಲ್ಲ. ಮಣ್ಣು ಹಾಕದೆ ಇಟ್ಟ ಕಂಟ್ರೋಲ್ ಪ್ಲೇಟಿನಲ್ಲಿ ಏನಾಯಿತು ಎಂಬುದೂ ಬರಬೇಕು.

ಈಗ ಲೆಕ್ಕ. 30ರಿಂದ 300 ಕಾಲೊನಿ ಇರುವ ಪ್ಲೇಟುಗಳನ್ನೇ ತೆಗೆದುಕೊಳ್ಳಬೇಕು. 300 ದಾಟಿದರೆ ಕಾಲೊನಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒಂದು ಇನ್ನೊಂದರ ಬೆಳವಣಿಗೆಯನ್ನು ತಡೆಯುತ್ತದೆ. 30ಕ್ಕಿಂತ ಕಡಿಮೆಯಾದರೆ ಎಣಿಕೆ ಅದೃಷ್ಟದ ಮೇಲೆ ನಿಲ್ಲುತ್ತದೆ. ನಿಮ್ಮ 17 ಮತ್ತು 12 ಒಂದೇ ಟ್ಯೂಬಿನಿಂದ ಬಂದವು, ಆದರೂ ಎಷ್ಟು ವ್ಯತ್ಯಾಸ ನೋಡಿ. ಹಾಗಾಗಿ 142 ಮತ್ತು 158ರ ಸರಾಸರಿ, 150. ಪ್ಲೇಟಿಗೆ ಹರಡಿದ್ದು 0.1 ಮಿಲಿ ಎಂದಿಟ್ಟುಕೊಂಡರೆ:

150 ÷ (0.1 × 10⁻⁴) = 1.5 × 10⁷

ಅಂದರೆ ಪ್ರತಿ ಗ್ರಾಂ ಮಣ್ಣಿಗೆ 1.5 × 10⁷ ಸಿಎಫ್‌ಯು. ಆ 0.1 ಮರೆತವರ ಉತ್ತರ ಹತ್ತು ಪಟ್ಟು ಕಡಿಮೆ ಬರುತ್ತದೆ. ಜರ್ನಲ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

10⁻⁵ ಪ್ಲೇಟುಗಳು ಲೆಕ್ಕಕ್ಕೆ ಬೇಡವಾದರೂ ತಾಳೆ ನೋಡುವುದಕ್ಕೆ ಬೇಕು. ಅವುಗಳ ಸರಾಸರಿ 14.5, ಅಂದರೆ 150ರ ಸುಮಾರು ಹತ್ತನೇ ಒಂದು ಭಾಗ. ನಿಮ್ಮ ಡೈಲ್ಯೂಷನ್ ಸರಿಯಾಗಿದೆ. ಅಲ್ಲಿ 60 ಬಂದಿದ್ದರೆ, ಒಂದೇ ಪಿಪೆಟ್ ಬದಲಾಯಿಸದೆ ಕೆಳಗಿನವರೆಗೂ ಬಳಸಿದ್ದೀರಿ, ಅದರ ಒಳಗೋಡೆಗೆ ಅಂಟಿದ ಜೀವಕೋಶಗಳು ಮುಂದಿನ ಟ್ಯೂಬಿಗೆ ಹೋಗಿವೆ ಎಂದು ಅನುಮಾನಿಸಬೇಕಿತ್ತು.

ಇನ್ನೊಂದು ತಿದ್ದುಪಡಿ. ಜುಲೈ ತಿಂಗಳ ಮುಂಬೈ ಮಣ್ಣಿನ ಒಂದು ಗ್ರಾಂನಲ್ಲಿ ಸಾಕಷ್ಟು ಭಾಗ ನೀರೇ. ಅದೇ ಮಣ್ಣಿನ 10 ಗ್ರಾಂ ಅನ್ನು 105 ಡಿಗ್ರಿ ಓವನ್‌ನಲ್ಲಿ 24 ಗಂಟೆ ಒಣಗಿಸಿ ತೂಗಿ. 7.5 ಗ್ರಾಂ ಉಳಿದರೆ, 1.5 × 10⁷ ಅನ್ನು 0.75ರಿಂದ ಭಾಗಿಸಿ. ಒಣ ಮಣ್ಣಿನ ಲೆಕ್ಕದಲ್ಲಿ 2 × 10⁷ ಬರುತ್ತದೆ. ಹೀಗೆ ಮಾಡದೆ ಮಳೆಗಾಲದ ಮುಂಬೈ ಮಣ್ಣನ್ನು ಮೇ ತಿಂಗಳ ಗೋವಾದ ಒಣ ಕೆಂಪು ಮಣ್ಣಿನ ಪಕ್ಕದಲ್ಲಿಟ್ಟು ಹೋಲಿಸಬಾರದು.

ಇನ್ನು ‘ಒಟ್ಟು’. ಒಂದು ಕಾಲೊನಿ ಎಂದರೆ ಒಂದು ಬ್ಯಾಕ್ಟೀರಿಯಾ, ಆದ್ದರಿಂದ ಮಣ್ಣಿನಲ್ಲಿ ಗ್ರಾಂಗೆ ಒಂದೂವರೆ ಕೋಟಿ ಬ್ಯಾಕ್ಟೀರಿಯಾ ಇವೆ ಎಂಬ ಮಾತು ವರ್ಷವರ್ಷವೂ ಜರ್ನಲ್‌ಗಳಲ್ಲಿ ಬರುತ್ತಲೇ ಇದೆ. ಎಷ್ಟು ಸಲ ತಿದ್ದಿದರೂ ಮುಂದಿನ ಬ್ಯಾಚಿನಲ್ಲಿ ಮತ್ತೆ ಹಾಜರು. ಇದು ಎರಡು ಕಡೆಯಿಂದಲೂ ತಪ್ಪು.

ಮೊದಲನೆಯದು, ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಬಿಡಿಬಿಡಿಯಾಗಿ ಇರುವುದಿಲ್ಲ. ಜೇಡಿ ಕಣಗಳಿಗೆ, ಕೊಳೆತ ಎಲೆಯ ಚೂರಿಗೆ ಗುಂಪಾಗಿ ಅಂಟಿಕೊಂಡಿರುತ್ತವೆ. ಐವತ್ತು ಜೀವಕೋಶಗಳ ಮುದ್ದೆ ಅಗರ್ ಮೇಲೆ ಬಿದ್ದರೂ ಕಾಣುವುದು ಒಂದೇ ಕಾಲೊನಿ. ಮೊದಲ ಬಾಟಲಿಯನ್ನು ಎರಡು ಸಲ ಅಲ್ಲಾಡಿಸಿ ಇಟ್ಟವರಿಗೂ, ಹತ್ತು ನಿಮಿಷ ಚೆನ್ನಾಗಿ ಕುಲುಕಿದವರಿಗೂ ಒಂದೇ ಮಣ್ಣಿನಿಂದ ಬೇರೆ ಬೇರೆ ಅಂಕಿ ಬರುವುದು ಇದರಿಂದಲೇ. ಸ್ಟ್ರೆಪ್ಟೊಮೈಸಿಸ್‌ನಲ್ಲಿ ಇದು ತಿರುವುಮುರುವು: ಅದರ ಒಂದು ಎಳೆಯಲ್ಲಿ ಸ್ಪೋರ್‌ಗಳ ಸಾಲೇ ಇರುತ್ತದೆ, ಅವು ಚದುರಿದರೆ ಒಂದೊಂದೂ ಒಂದೊಂದು ಕಾಲೊನಿಯಾಗುತ್ತದೆ. ಹೀಗೆ ಕಾಲೊನಿ ಕಟ್ಟಬಲ್ಲದ್ದು ಒಂಟಿ ಕೋಶವೋ, ಮುದ್ದೆಯೋ, ಸ್ಪೋರೋ ಎಂದು ಪ್ಲೇಟ್ ನೋಡಿ ಹೇಳಲಾಗದು. ಅದಕ್ಕೇ ಬ್ಯಾಕ್ಟೀರಿಯಾ ಎನ್ನದೆ ‘ಕಾಲೊನಿ ಕಟ್ಟುವ ಘಟಕ’ ಎನ್ನುತ್ತಾರೆ. ಸಿಎಫ್‌ಯು ಎಂಬುದರ ಪೂರ್ತಿ ಅರ್ಥ ಇಷ್ಟೇ.

ಎರಡನೆಯದು ಇನ್ನೂ ದೊಡ್ಡದು. ಮಣ್ಣಿನ ಬಹುಪಾಲು ಬ್ಯಾಕ್ಟೀರಿಯಾ ನಿಮ್ಮ ಪ್ಲೇಟಿನಲ್ಲಿ ಬೆಳೆಯುವುದೇ ಇಲ್ಲ. ಅದೇ ಮಣ್ಣಿಗೆ ಬಣ್ಣ ಕೊಟ್ಟು ಫ್ಲೋರೊಸೆನ್ಸ್ ಮೈಕ್ರೊಸ್ಕೋಪಿನಲ್ಲಿ ನೇರವಾಗಿ ಎಣಿಸಿದರೆ ಸಾಮಾನ್ಯವಾಗಿ ನೂರು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಜೀವಕೋಶಗಳು ಸಿಗುತ್ತವೆ. ಸ್ಟೇಲಿ ಮತ್ತು ಕೊನೊಪ್ಕ ಎಂಬ ವಿಜ್ಞಾನಿಗಳು 1985ರಲ್ಲೇ ಈ ಅಂತರದ ಬಗ್ಗೆ ಬರೆದರು. ಕಾರಣ ಸರಳ. ನ್ಯೂಟ್ರಿಯೆಂಟ್ ಅಗರ್ ಎಂದರೆ ಪೆಪ್ಟೋನ್, ಮಾಂಸದ ಸಾರ, ಅಂದರೆ ಹಬ್ಬದೂಟ. ಮಣ್ಣಿನಲ್ಲಿ ಅರೆಹೊಟ್ಟೆಯಲ್ಲಿ ಬದುಕಿ ಅಭ್ಯಾಸವಾದ ಜೀವಿಗಳಿಗೆ ಅದು ಹೊಂದುವುದಿಲ್ಲ. ಗಾಳಿ ಆಗದವು ಕೆಲವು, ಎರಡು ವಾರವಾದರೂ ಕಣ್ಣಿಗೆ ಕಾಣುವಷ್ಟು ಬೆಳೆಯದವು ಇನ್ನು ಕೆಲವು. ಡಿಎನ್‌ಎ ಪರೀಕ್ಷೆಯಲ್ಲಿ ಮಣ್ಣಿನ ತುಂಬ ಕಾಣುವ ಅಸಿಡೊಬ್ಯಾಕ್ಟೀರಿಯಾ ಗುಂಪಿನವು ಈ ಪ್ಲೇಟುಗಳಲ್ಲಿ ಅಪರೂಪ.

ನಂಬಿಕೆ ಬರದಿದ್ದರೆ ನೀವೇ ನೋಡಬಹುದು. ನ್ಯೂಟ್ರಿಯೆಂಟ್ ಪುಡಿಯನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ, ಅಗರ್ ಮಾತ್ರ 1.5 ಶೇಕಡ ಉಳಿಸಿಕೊಂಡು ಪ್ಲೇಟ್ ಮಾಡಿ. ಅದೇ ಟ್ಯೂಬಿನಿಂದ ಹರಡಿ, 28 ಡಿಗ್ರಿಯಲ್ಲಿ ಹತ್ತು ದಿನ ಇಡಿ, ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿ. ನಾಲ್ಕನೇ ದಿನದ ನಂತರ ಸೂಜಿಮೊನೆಯಷ್ಟು ಪುಟ್ಟ, ಮಬ್ಬಾದ ಹೊಸ ಕಾಲೊನಿಗಳು ಒಂದೊಂದೇ ಏಳುತ್ತವೆ. 48 ಗಂಟೆಗೆ ಎಣಿಸಿ ಪ್ಲೇಟ್ ಆಟೊಕ್ಲೇವ್‌ಗೆ ಹಾಕಿದವರಿಗೆ ಅವು ಇಲ್ಲವೇ ಇಲ್ಲ.

ಆದ್ದರಿಂದ ತೀರ್ಮಾನದಲ್ಲಿ ಬರೆಯಬೇಕಾದ ವಾಕ್ಯ ಹೀಗೆ: ‘ನ್ಯೂಟ್ರಿಯೆಂಟ್ ಅಗರ್ ಮೇಲೆ, ಗಾಳಿಯಿರುವಲ್ಲಿ, 30 ಡಿಗ್ರಿಯಲ್ಲಿ 48 ಗಂಟೆಗಳಲ್ಲಿ ಬೆಳೆದವು, ಪ್ರತಿ ಗ್ರಾಂ ಒಣ ಮಣ್ಣಿಗೆ 2 × 10⁷ ಸಿಎಫ್‌ಯು.’ ಡಿಗ್ರಿ, ಗಂಟೆ ನಿಮ್ಮದನ್ನು ಹಾಕಿಕೊಳ್ಳಿ. ವಾಕ್ಯ ಉದ್ದವಾಯಿತು ಎಂದು ಮೊಟಕು ಮಾಡಬೇಡಿ.

ನೀವು ಕೇಳಿಲ್ಲ, ಆದರೂ ಮುಂದಿನ ಪುಟದಲ್ಲಿ ಹೇಗೂ ಬರುವ ವಿಷಯ: ಬೇರ್ಪಡಿಸಿದ ಬ್ಯಾಕ್ಟೀರಿಯಾಕ್ಕೆ ಹೆಸರಿಡುವುದು. ಬಿಳಿ, ಒಣ, ಸುಕ್ಕು ಸುಕ್ಕಾದ ಕಾಲೊನಿ, ಕೋಲಿನಾಕಾರ, ಗ್ರಾಂ ಪಾಸಿಟಿವ್ ಎಂದು ಕಂಡ ಕೂಡಲೇ ‘ಬ್ಯಾಸಿಲಸ್ ಸಬ್ಟಿಲಿಸ್’ ಎಂದು ಬರೆದುಬಿಡುತ್ತಾರೆ. ಗ್ರಾಂ ಸ್ಟೇನ್‌ನಿಂದ ಜಾತಿಯ ಹೆಸರು ಸಿಗುವುದಿಲ್ಲ. ಕಲ್ಚರನ್ನು ಸಲೈನ್‌ನಲ್ಲಿ ಕದಡಿ 80 ಡಿಗ್ರಿ ನೀರಿನಲ್ಲಿ 10 ನಿಮಿಷ ಇಟ್ಟು ಮತ್ತೆ ಗೆರೆ ಎಳೆಯಿರಿ. ಅದರ ಮೇಲೂ ಬೆಳೆದರೆ ‘ಎಂಡೊಸ್ಪೋರ್ ಕಟ್ಟುವ ಗ್ರಾಂ ಪಾಸಿಟಿವ್ ಕೋಲು, ಬಹುಶಃ ಬ್ಯಾಸಿಲಸ್ ಅಥವಾ ಅದರ ಹತ್ತಿರದ್ದು’ ಎನ್ನುವವರೆಗೆ ಹೋಗಬಹುದು. ಅದಕ್ಕಿಂತ ಮುಂದೆ ಹೋಗಲು ಬಯೊಕೆಮಿಕಲ್ ಪರೀಕ್ಷೆಗಳು, ಸಾಧ್ಯವಾದರೆ 16ಎಸ್ ಜೀನ್ ಬೇಕು.

ಸ್ಟೇನ್ ಮಾಡುವಾಗ ಕಲ್ಚರ್ 18ರಿಂದ 24 ಗಂಟೆಯದಿರಲಿ. ಶನಿವಾರ ಗೆರೆ ಎಳೆದು ಸೋಮವಾರ ಸ್ಟೇನ್ ಮಾಡಿದರೆ ಬ್ಯಾಸಿಲಸ್‌ನ ಹಳೆಯ ಕೋಶಗಳ ಗೋಡೆ ನೇರಳೆ ಬಣ್ಣವನ್ನು ಹಿಡಿದಿಡುವುದಿಲ್ಲ. ಸ್ಲೈಡಿನಲ್ಲಿ ಅರ್ಧ ನೇರಳೆ, ಅರ್ಧ ಗುಲಾಬಿ ಕೋಲುಗಳು ಬೆರೆತು ಕಾಣುತ್ತವೆ. ಆಗ ಕೆಲವರು ಗ್ರಾಂ ನೆಗೆಟಿವ್ ಎಂದು ಬರೆಯುತ್ತಾರೆ, ಕೆಲವರು ಕಲ್ಚರ್ ಶುದ್ಧವಿಲ್ಲವೆಂದು ಎಸೆಯುತ್ತಾರೆ. ಎರಡೂ ಬೇಡ, ಅದೇ ಕಲ್ಚರಿನಿಂದ ಮತ್ತೆ ಗೆರೆ ಎಳೆದು ಮರುದಿನವೇ ಸ್ಟೇನ್ ಮಾಡಿ ನೋಡಿ.