ಸಿಮ್ಮೆಟ್ರಿ 0.05 ಅಂದರೆ ±0.05 ಅಲ್ಲ

ಮತ್ತೊಂದು ಇನ್‌ಸ್ಪೆಕ್ಷನ್ ರಿಪೋರ್ಟ್, ಮತ್ತೆ ಅದೇ ತಪ್ಪು. ಬ್ಲಾಕಿನ ನಡುವಿನ ಸ್ಲಾಟಿಗೆ ಡ್ರಾಯಿಂಗಿನಲ್ಲಿ `⌯ 0.05 A` ಅಂತಿದೆ, ಅಂದರೆ A ಗೆ ಹೋಲಿಸಿ ಸಿಮ್ಮೆಟ್ರಿ 0.05 ಮಿ.ಮೀ. ರಿಪೋರ್ಟಿನಲ್ಲಿ ಅದು ±0.05 ಆಗಿದೆ. ಅಲ್ಲಿಗೆ ಟಾಲರೆನ್ಸ್ ಎರಡು ಪಟ್ಟು ಆಯಿತು.

ಈ 0.05 ಒಂದು ಪಟ್ಟಿಯ ಪೂರ್ತಿ ಅಗಲ. ಅಳತೆಗೆ ಆಧಾರವಾಗಿ ಹಿಡಿಯುವ ಭಾಗವೇ ಡೇಟಮ್, ಇಲ್ಲಿ A. ಆ ಭಾಗದ ನಡುತಲ ಈ ಪಟ್ಟಿಯ ಸರಿಯಾಗಿ ಮಧ್ಯದಲ್ಲಿರುತ್ತದೆ. ಅಂದರೆ ಸ್ಲಾಟಿನ ನಡು ಆಚೆಗೆ 0.025, ಈಚೆಗೆ 0.025 ಸರಿಯಬಹುದು, ಅಷ್ಟೇ.

ಗ್ರೀಕಿನಲ್ಲಿ ‘ಸಿನ್’ ಅಂದರೆ ಜೊತೆಗೆ, ‘ಮೆಟ್ರಾನ್’ ಅಂದರೆ ಅಳತೆ. ಸಿಮ್ಮೆಟ್ರಿ ಅಂದರೆ ಜೊತೆಗಿಟ್ಟು ಅಳೆದದ್ದು. ನನಗೆ ಈ ಮೂಲಾರ್ಥ ತುಂಬಾ ಇಷ್ಟ. ಏಕೆಂದರೆ ಎರಡನೇ ತಪ್ಪು ಹುಟ್ಟುವುದೇ ಒಂದು ಬದಿಯಿಂದ ಮಾತ್ರ ಅಳೆಯುವುದರಿಂದ.

ಆ ರಿಪೋರ್ಟಿನಂಥದ್ದೇ ಒಂದು ಬ್ಲಾಕ್ ತೆಗೆದುಕೊಳ್ಳಿ. ಅಗಲ 40 ಮಿ.ಮೀ., ಅದೇ ಡೇಟಮ್ A. ನಡುವೆ 10 ಮಿ.ಮೀ. ಸ್ಲಾಟ್. ಪೀಸ್ ಅಳೆದಾಗ ಸಿಕ್ಕಿದ್ದು: ಎಡಗೋಡೆ 14.98, ಸ್ಲಾಟ್ 10.04, ಬಲಗೋಡೆ 14.92. ಒಟ್ಟು ಅಗಲ 39.94. ಎಡ ಅಂಚಿನಿಂದ ಲೆಕ್ಕ ಹಾಕಿದರೆ ಸ್ಲಾಟಿನ ನಡು 20.00ಕ್ಕೆ ಬರುತ್ತದೆ. 40ರ ಅರ್ಧ 20, ಹಾಗಾಗಿ ‘ಪಕ್ಕಾ ಸೆಂಟರ್’ ಅಂತ ಪಾಸ್ ಮಾಡಿಬಿಡುತ್ತಾರೆ. ಆದರೆ ನಮ್ಮ ಕೈಯಲ್ಲಿರುವ ಪೀಸಿನ ಅಗಲ 40 ಅಲ್ಲ, 39.94. ಅದರ ನಡುತಲ ಇರುವುದು 19.97ರಲ್ಲಿ. ಸ್ಲಾಟ್ 0.03 ಸರಿದಿದೆ, ಬಿಟ್ಟಿರುವುದು 0.025. ಪೀಸ್ ರಿಜೆಕ್ಟ್. ±0.05 ಅಂತ ಓದಿದವರಿಗೂ ಇದು ಪಾಸಾಗಿಯೇ ಕಾಣುತ್ತದೆ.

ಎರಡೂ ಗೋಡೆಯನ್ನು ಜೊತೆಗೆ ನೋಡಿದ್ದರೆ ಗೊಂದಲವೇ ಇರಲಿಲ್ಲ. ಸ್ಲಾಟ್ ಒಂದು ಕಡೆಗೆ ಸರಿದಷ್ಟೂ ಒಂದು ಗೋಡೆ ಬೆಳೆಯುತ್ತದೆ, ಇನ್ನೊಂದು ಅಷ್ಟೇ ಕುಗ್ಗುತ್ತದೆ. ಆದ್ದರಿಂದ ಗೋಡೆಗಳ ವ್ಯತ್ಯಾಸ ಸರಿತದ ಎರಡರಷ್ಟು. ಇಲ್ಲಿ 14.98ರಲ್ಲಿ 14.92 ಕಳೆದರೆ 0.06. ಇದನ್ನು ಡ್ರಾಯಿಂಗಿನ 0.05ರ ಜೊತೆ ನೇರವಾಗಿ ಹೋಲಿಸಬಹುದು, ಅರ್ಧ ಮಾಡುವುದೇ ಬೇಡ.

ಸರ್ಫೇಸ್ ಪ್ಲೇಟಿನ ಮೇಲೆ ಬ್ಲಾಕನ್ನು ಒಂದು ಬದಿ ಮಲಗಿಸಿ, ಸ್ಲಾಟಿನ ಕೆಳಗೋಡೆಗೆ ಲಿವರ್ ಡಯಲ್ ಮುಟ್ಟಿಸಿ ಸೊನ್ನೆ ಮಾಡಿ. ಬ್ಲಾಕ್ ತಿರುಗಿಸಿ ಮಲಗಿಸಿ, ಈಗ ಕೆಳಗೆ ಬಂದ ಗೋಡೆ ನೋಡಿ. ಮುಳ್ಳು ಎಷ್ಟು ಓಡಿತೋ ಅದೇ ವ್ಯತ್ಯಾಸ. ಸ್ಲಾಟಿನ ಎರಡೂ ತುದಿಯಲ್ಲಿ, ನಡುವೆ, ಆಳದಲ್ಲೂ ಹೀಗೇ ಮಾಡಬೇಕು. ಸ್ಲಾಟ್ ಓರೆಯಾಗಿದ್ದರೆ ಒಂದು ತುದಿ ಸುಮ್ನೆ ಪಾಸಾಗುತ್ತದೆ. ಬ್ಲಾಕೇ ಬಾಗಿದ್ದರೆ ಮಾತ್ರ ಈ ವಿಧಾನ ನಂಬಬೇಡಿ.

A ಅಕ್ಷರದ ತ್ರಿಕೋನ ಎಲ್ಲಿ ಕೂತಿದೆ ಅಂತಲೂ ನೋಡಿ. 40ರ ಅಳತೆ ಗೆರೆಗೆ ನೇರವಾಗಿದ್ದರೆ ಡೇಟಮ್ ನಡುತಲ. ಅದರಿಂದ ದೂರ, ಬರೀ ಮೈಮೇಲೆ ಕೂತಿದ್ದರೆ ಡೇಟಮ್ ಆ ಮೈ. ಆಗ ಸಿಮ್ಮೆಟ್ರಿಗೆ ಅರ್ಥವೇ ಇಲ್ಲ, ಡ್ರಾಯಿಂಗ್ ವಾಪಸ್ ಕಳಿಸಿ.

ಅಂದಹಾಗೆ, ಅಮೆರಿಕದ ಡ್ರಾಯಿಂಗ್ ಮಾನದಂಡ ASME Y14.5 2018ರ ಆವೃತ್ತಿಯಲ್ಲಿ ಈ ಚಿಹ್ನೆಯನ್ನು ಕೈಬಿಟ್ಟಿದೆ, ಅಲ್ಲಿ ಈಗ ಪೊಸಿಷನ್ ಬಳಸುತ್ತಾರೆ. ಅಂತರರಾಷ್ಟ್ರೀಯ ಮಾನದಂಡ ISO 1101ರಲ್ಲಿ ಇದು ಹಾಗೇ ಇದೆ. ಎರಡರಲ್ಲೂ ಪಟ್ಟಿಯ ಅಗಲ ಪೂರ್ತಿ ಅಗಲವೇ.