ಎಸ್‌ಒಪಿ ಅನುವಾದ ಮಾಡುವಾಗ ‘ನಾವು’ ಅಂದ್ರೆ ಯಾರು ಅಂತ ಕೇಳಿ

ಎಂಎಸ್‌ಗೆ ಅಪ್ಲೈ ಮಾಡೋ ಹುಡುಗ್ರು ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನ ಮೊದ್ಲು ಕನ್ನಡದಲ್ಲೇ ಬರ್ಕೊಂಡು ಬಂದ್ರೆ ನಂಗೆ ಖುಷಿ, ಯಾಕಂದ್ರೆ ಅದ್ರಲ್ಲಿ ಅವ್ರು ಮಾತಾಡೋ ರೀತಿ ಹಂಗೇ ಇರುತ್ತೆ. ಅದು ಕಳ್ದೋಗೋದು ಇಂಗ್ಲಿಷಿಗೆ ತರುವಾಗ. ಇತ್ತೀಚೆಗೆ ಮಾಡಿದ ಒಂದು ಕೆಲ್ಸದ್ದೇ ಹೇಳ್ತೀನಿ.

ಕೋಲಾರದ ಕಡೆ ಹುಡುಗ, ಸಿವಿಲ್ ಇಂಜಿನಿಯರಿಂಗ್ ಮುಗ್ಸಿದ್ದ, ಅಮೆರಿಕದಲ್ಲಿ ಹೈಡ್ರಾಲಜಿ ಓದ್ಬೇಕು ಅಂತ. ಅವ್ನ ಕನ್ನಡ ಡ್ರಾಫ್ಟ್ ಶುರುವಾಗಿದ್ದು ಹಿಂಗೆ: ‘ನಮ್ಮೂರ ಕೆರೆ ಕೋಡಿ ಹರಿದಿದ್ದನ್ನ ಅಜ್ಜಿ ನೋಡಿದ್ಲಂತೆ, ನಾನು ನೋಡಿದ್ದು 2021ರಲ್ಲಿ, ನಂಗೆ ಹತ್ತೊಂಬತ್ತು ವರ್ಷ ಆದ್ಮೇಲೆ.’ ಇದನ್ನ ಯಾರೋ ನೆಂಟರು ಆಗ್ಲೇ ಇಂಗ್ಲಿಷ್ ಮಾಡಿಕೊಟ್ಟಿದ್ರು, ಅದ್ರಲ್ಲಿ ಕೆರೆನೂ ಇಲ್ಲ ಅಜ್ಜಿನೂ ಇಲ್ಲ, ‘ಫ್ರಮ್ ಮೈ ಚೈಲ್ಡ್‌ಹುಡ್ ಐ ವಾಸ್ ಪ್ಯಾಶನೇಟ್ ಅಬೌಟ್ ವಾಟರ್ ಕನ್ಸರ್ವೇಶನ್’ ಅಂತ ಇತ್ತು. ಇದು ಯಾರ ಅರ್ಜಿಲಿ ಬೇಕಾದ್ರೂ ಕೂರುತ್ತೆ. ನಾನು ಬರ್ದಿದ್ದು: ‘ಮೈ ಗ್ರ್ಯಾಂಡ್‌ಮದರ್ ಹ್ಯಾಡ್ ಸೀನ್ ಅವರ್ ಕೆರೆ ಓವರ್‌ಫ್ಲೋ. ಐ ಹ್ಯಾಡ್ ನಾಟ್, ಅನ್‌ಟಿಲ್ ಐ ವಾಸ್ ನೈನ್‌ಟೀನ್.’ ಕನ್ನಡದಲ್ಲಿ ಒಂದೇ ಉಸಿರಲ್ಲಿ ಬಂದಿದ್ದು ಇಂಗ್ಲಿಷಲ್ಲಿ ಎರಡು ವಾಕ್ಯ ಆಯ್ತು, ಆದ್ರೆ ಅಜ್ಜಿ ಮೊದ್ಲು, ತಾನು ಆಮೇಲೆ ಅನ್ನೋ ಆರ್ಡರ್ ಬದ್ಲಾಗಿಲ್ಲ. ಕೆರೆನ ಲೇಕ್ ಅಂತ ಮಾಡ್ಲಿಲ್ಲ, ಅದು ಮಳೆನೀರು ಹಿಡಿಯೋಕೆ ಜನ ಕಟ್ಟಿದ್ದು ಅಂತ ಮೊದಲ ಸಲ ಮಾತ್ರ ನಾಕು ಪದದಲ್ಲಿ ಹೇಳಿ, ಆಮೇಲೆಲ್ಲ ಕೆರೆ ಅಂತಲೇ ಬಿಟ್ಟೆ.

ಮುಂದಿನ ಪ್ಯಾರಾದಲ್ಲಿ ನಿಜವಾದ ತೊಡಕು ಬಂತು. ‘14 ಬೋರ್‌ವೆಲ್‌ಗಳ ನೀರು ತಂದು ಫ್ಲೋರೈಡ್ ಟೆಸ್ಟ್ ಮಾಡಿದೆವು’ ಅಂತ ಬರ್ದಿದ್ದ. ನಮ್ಮಲ್ಲಿ ‘ನಾನು ಮಾಡ್ದೆ’ ಅಂದ್ರೆ ಜಂಬ ಅನ್ನಿಸುತ್ತೆ, ಅದಕ್ಕೆ ಒಬ್ರೇ ಮಾಡಿದ್ದನ್ನೂ ‘ಮಾಡಿದೆವು’ ಅಂತೀವಿ. ಅಡ್ಮಿಷನ್ ಕಮಿಟಿಗೆ ಬೇಕಿರೋದು ಅಭ್ಯರ್ಥಿ ಸ್ವಂತ ಏನು ಮಾಡ್ದ ಅನ್ನೋದು. ‘ವೀ’ ಅಂತ ಬಿಟ್ರೆ ಅವ್ನು ಕಾಣೋದೇ ಇಲ್ಲ, ನಾನಾಗಿ ‘ಐ’ ಅಂತ ತಿದ್ದಿದ್ರೆ ಸುಳ್ಳಾಗ್ಬಹುದು. ಅದಕ್ಕೇ ಫೋನ್ ಮಾಡಿ, ನಾವು ಅಂದ್ರೆ ಯಾರಪ್ಪಾ ಅಂತ ಕೇಳ್ದೆ.

ನಾಕು ಜನರ ಪ್ರಾಜೆಕ್ಟಂತೆ, ಲ್ಯಾಬ್ ಟೆಸ್ಟ್ ಬೇರೆಯವ್ರು ಮಾಡಿದ್ದು, ರೈತರ ಪರಿಚಯ ಇದ್ದಿದ್ರಿಂದ ತೋಟತೋಟಕ್ಕೆ ಹೋಗಿ ಸ್ಯಾಂಪಲ್ ತಂದಿದ್ದು ಇವ್ನು. ಮಾತಾಡ್ತಾ ಮಾತಾಡ್ತಾ ಇನ್ನೊಂದು ಹೇಳ್ದ, ‘ಮೇಡಂ, ಎರಡು ಸ್ಯಾಂಪಲ್ ಗಾಜಿನ ಬಾಟ್ಲಲ್ಲಿ ತಂದ್ಬಿಟ್ಟಿದ್ದೆ, ಫ್ಲೋರೈಡ್ ಗಾಜಿನ ಜೊತೆ ರಿಯಾಕ್ಟ್ ಆಗುತ್ತೆ ಅಂತ ಆಮೇಲೆ ಗೊತ್ತಾಗಿ ಪ್ಲಾಸ್ಟಿಕ್ ಬಾಟ್ಲು ತಗೊಂಡು ವಾಪಸ್ ಹೋದೆ.’ ತಪ್ಪು ಮಾಡಿದ್ದು ಅಂತ ಡ್ರಾಫ್ಟಲ್ಲಿ ಇದನ್ನ ಹಾಕೇ ಇರ್ಲಿಲ್ಲ! ಓದೋ ಪ್ರೊಫೆಸರ್‌ಗೆ ಈ ಹುಡುಗ ಫೀಲ್ಡಲ್ಲಿ ಹೆಂಗೆ ಕೆಲ್ಸ ಮಾಡ್ತಾನೆ ಅಂತ ಇದಕ್ಕಿಂತ ಚೆನ್ನಾಗಿ ತೋರ್ಸೋದು ಇನ್ನೇನಿದೆ. ಆದ್ರೆ ನಾನು ನೇರ ಇಂಗ್ಲಿಷಿಗೆ ಸೇರಿಸ್ಲಿಲ್ಲ, ನೀನೇ ಕನ್ನಡದಲ್ಲಿ ಬರ್ದು ಕಳ್ಸು ಅಂದೆ. ಅವ್ನು ಬರೀದೇ ಇರೋ ವಿಷಯ ಇಂಗ್ಲಿಷಲ್ಲಿ ಇರ್ಬಾರ್ದು, ಇದೊಂದು ವಿಷಯದಲ್ಲಿ ನಾನು ಸಡಿಲ ಬಿಡಲ್ಲ.

ಕೊನೇಲಿ ‘ಮಳೆ ಆದ್ಮೇಲೆ ಫ್ಲೋರೈಡ್ ಕಮ್ಮಿ ಆದಂಗೆ ಕಾಣ್ಸುತ್ತೆ’ ಅಂತಿತ್ತು. ನೆಂಟರ ಇಂಗ್ಲಿಷಲ್ಲಿ ಅದು ‘ಪ್ರೂವ್ಡ್’ ಆಗಿತ್ತು. ಒಂದೇ ಸೀಸನ್ ಡೇಟಾ ಇಟ್ಕೊಂಡು ಪ್ರೂವ್ ಅಂದ್ರೆ ಆ ಫೀಲ್ಡಿನವ್ರು ಅಲ್ಲೇ ನಿಲ್ಲಿಸ್ತಾರೆ. ‘ಆದಂಗೆ ಕಾಣ್ಸುತ್ತೆ’ ಅನ್ನೋದು ಹುಡುಗನ ಅಳುಕಲ್ಲ, ಅವ್ನಿಗೆ ಎಷ್ಟು ಗೊತ್ತೋ ಅಷ್ಟು ಹೇಳಿದ್ದು. ‘ಸೀಮ್ಡ್’ ಅಂತ ಮಾಡಿದೆ.

ಉದ್ದದ ಬಗ್ಗೆ ಒಂದು ಮಾತು. ‘ಹೋಗಿದ್ದೆನೆಂದು’ ಅನ್ನೋ ಒಂದು ಪದಕ್ಕೆ ಇಂಗ್ಲಿಷಲ್ಲಿ ನಾಕು ಪದ ಬೇಕು, ಹಂಗಾಗಿ 1000 ಪದದ ಲಿಮಿಟ್ ಇದ್ರೆ ಕನ್ನಡ ಡ್ರಾಫ್ಟ್ 650 ದಾಟ್ದಂಗೆ ನೋಡ್ಕೊಳ್ಳಿ, ಇಲ್ದಿದ್ರೆ ಕೊನೇಲಿ ಕತ್ತರಿ ಬೀಳೋದು ಇಂಥ ಬಾಟ್ಲು ಕಥೆಗಳಿಗೇ.

ಕೆಲ್ಸ ಒಪ್ಕೊಳ್ಳೋಕೆ ಮುಂಚೆ ಅಪ್ಲಿಕೇಶನ್ ಫಾರ್ಮಿನ ಡಿಕ್ಲರೇಶನ್ ಓದ್ತೀನಿ. ಪೂರ್ತಿ ಅಭ್ಯರ್ಥಿಯೇ ಬರ್ದಿರ್ಬೇಕು, ಬೇರೆಯವ್ರ ಸಹಾಯ ಕೂಡದು ಅಂತಿದ್ರೆ ಅನುವಾದ ಮಾಡಲ್ಲ, ಅವ್ರೇ ಇಂಗ್ಲಿಷಲ್ಲಿ ಬರೀಲಿ ಅಂತ ಹೇಳಿ ಕಳಿಸ್ತೀನಿ.

ಇವ್ನ ಫಾರ್ಮಲ್ಲಿ ಆ ತೊಂದ್ರೆ ಇರ್ಲಿಲ್ಲ. ಮುಗ್ದ ಮೇಲೆ ಇಂಗ್ಲಿಷ್ ಕಾಪಿ ಅವ್ನ ಕೈಗೆ ಕೊಟ್ಟು ಒಂದೊಂದೇ ವಾಕ್ಯ ಓದಿ ಬಾಯಲ್ಲಿ ಕನ್ನಡ ಮಾಡಿ ಹೇಳು ಅಂದೆ. ತಡವರಿಸಿದ ಜಾಗ ನನ್ನದು, ಅವ್ನದ್ದಲ್ಲ. ಮೂರು ಕಡೆ ನಿಂತ. ‘ಮಿಟಿಗೇಟ್’ ಅಂತ ನಾನು ಹಾಕಿದ್ದ ಕಡೆ, ‘ಮೇಡಂ, ಇದು ಇಂಟರ್ವ್ಯೂಲಿ ನನ್ನ ಬಾಯಿಗೆ ಬರಲ್ಲ’ ಅಂದ. ಅಲ್ಲೇ ‘ರೆಡ್ಯೂಸ್’ ಅಂತ ತಿದ್ದಿದ್ವಿ.