ಅಜ್ಜ ಬರೆದು ಕೊಟ್ಟ ಗೇಣಿಚೀಟು, ಅಜ್ಜನದ್ದೇ ಜಾಗ ಅಂತಲ್ಲ

ಹಳೇ ರೆಕಾರ್ಡ್ ಹಿಡ್ಕೊಂಡು ಟ್ರಾನ್ಸ್‌ಲೇಶನ್‌ಗೆ ಬರುವವರಲ್ಲಿ ತುಂಬಾ ಜನ ಒಂದೇ ಮಾತು ಹೇಳ್ತಾರೆ, "ಎಲ್ಲಾ ಬೇಡ ಸರ್, ಅಜ್ಜ ಓನರ್ ಅಂತ ಬರಿರಿ ಸಾಕು". ಕಾಗದ ಬಿಡಿಸಿ ನೋಡಿದ್ರೆ ಅದು ಚಾಲಗೇಣಿ ಚೀಟು. ಅದರಲ್ಲಿ ಅಜ್ಜ ಓನರ್ ಅಲ್ಲ, ಒಕ್ಕಲು. ಇದನ್ನು ಹೇಳಿದ ಕೂಡಲೇ ಮುಖ ಸಣ್ಣದಾಗ್ತದೆ, ನನಗೂ ಬೇಜಾರಾಗ್ತದೆ, ಆದ್ರೂ ಹೇಳ್ಲೇಬೇಕು.

ತಪ್ಪು ಎಲ್ಲಿ ಆಗುದು ಅಂದ್ರೆ "ಬರೆದು ಕೊಟ್ಟ" ಅನ್ನುವಲ್ಲಿ. ಸೇಲ್ ಡೀಡ್‌ನಲ್ಲಿ ಬರೆದು ಕೊಡುವವ ಜಾಗ ಕೊಡುವವ, ಅದೇ ಲೆಕ್ಕದಲ್ಲಿ ಜನ ಗೇಣಿಚೀಟನ್ನೂ ಓದ್ತಾರೆ. ಆದ್ರೆ ನಮ್ಮ ದಕ್ಷಿಣ ಕನ್ನಡದಲ್ಲಿ ಚಾಲಗೇಣಿ ಚೀಟನ್ನು ಸಾಮಾನ್ಯವಾಗಿ ಬರೆದು ಕೊಡ್ತಿದ್ದದ್ದು ಒಕ್ಕಲು, ಧನಿಗಳಿಗೆ. ಇಂಥಾ ಸ್ಥಳವನ್ನು ನಿಮ್ಮಿಂದ ಗೇಣಿಗೆ ವಹಿಸಿಕೊಂಡಿದ್ದೇನೆ, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಸಲ್ಲಿಸ್ತೇನೆ, ನೀವು ಕೇಳಿದಾಗ ಬಿಟ್ಟು ಕೊಡ್ತೇನೆ ಅಂತ ಅವನು ಒಪ್ಪಿಕೊಳ್ಳುವ ಪತ್ರ ಅದು. ಹಾಗಾಗಿ ಮೊದಲು ನೋಡ್ಬೇಕಾದ್ದು ಮೇಲೆ ಯಾರ ಹೆಸರು ಉಂಟು ಅಂತಲ್ಲ, ಗೇಣಿ ಯಾರು ಯಾರಿಗೆ ಕೊಡುದು ಅಂತ. ಅಕ್ಕಿ ಅಳೆದು ಕೊಡುವವ ಒಕ್ಕಲು, ಅಷ್ಟೇ.

ಮೂಲಗೇಣಿ ಬೇರೆ. ಅಲ್ಲಿ ಗೇಣಿ ಖಾಯಂ ನಿಗದಿ, ಹಕ್ಕು ಮಕ್ಕಳು ಮೊಮ್ಮಕ್ಕಳಿಗೂ ಹೋಗ್ತದೆ, ಪತ್ರದ ಷರತ್ತು ಮೀರದೆ ಗೇಣಿ ಕೊಡ್ತಾ ಇದ್ರೆ ಧನಿ ಸುಮ್ಮನೆ ಎಬ್ಬಿಸ್ಲಿಕ್ಕಾಗುದಿಲ್ಲ. ಆದ್ರೂ ಮೂಲಿ ಹಕ್ಕು, ಅಂದ್ರೆ ಜಾಗದ ಮೂಲ ಒಡೆತನ, ಧನಿಯದ್ದೇ ಆಗಿ ಉಳೀತದೆ. ಹಾಗಾಗಿ ನಾನು ಎರಡನ್ನೂ ಬರೀ ಲೀಸ್ ಅಂತ ಬರಿಯುದಿಲ್ಲ. ಮೂಲಗೇಣಿ, ಚಾಲಗೇಣಿ ಅನ್ನುವ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟು, ಪಕ್ಕದಲ್ಲಿ ಚೌಕ ಬ್ರಾಕೆಟ್‌ನಲ್ಲಿ ಟ್ರಾನ್ಸ್‌ಲೇಟರ್ ನೋಟ್ ಅಂತ ಒಂದು ಸಾಲು ವಿವರಣೆ ಕೊಡ್ತೇನೆ. ಕೋರ್ಟಲ್ಲಿ ಎದುರು ಪಾರ್ಟಿ ಅದೇ ಧನಿ ಮನೆಯವರೇ ಆಗಿರಬಹುದು, ಅವರ ವಕೀಲರಿಗೂ ಕನ್ನಡ ಓದ್ಲಿಕ್ಕೆ ಬರ್ತದೆ, ಒಂದು ಕಡೆ ಓನರ್ ಅಂತ ತಿದ್ದಿದ್ದು ಸಿಕ್ಕಿದ್ರೆ ಉಳಿದ ಪುಟಗಳನ್ನೂ ಯಾರೂ ನಂಬುದಿಲ್ಲ.

ಇತ್ತೀಚೆಗೆ ಬ್ರಹ್ಮಾವರ ಕಡೆಯ ಒಬ್ರು ಅಮ್ಮ ಬಂದಿದ್ರು, ಮಗನ ಯುಕೆ ವೀಸಾ ಫೈಲ್‌ಗೆ ಆಸ್ತಿಯ ಪುರಾವೆ ಬೇಕಿತ್ತು. ತಂದದ್ದು ಕಂದಾಯ ಲೆಕ್ಕದ ಫಸಲಿ ವರ್ಷ 1344ರ ಚಾಲಗೇಣಿ ಚೀಟು, ಅವರ ಮಾವನ ತಂದೆ ಬರೆದು ಕೊಟ್ಟದ್ದು, ಗೇಣಿ 12 ಮುಡಿ. ಯಾರೋ ಮೊದಲೇ ಟೈಪ್ ಮಾಡಿಸಿಕೊಟ್ಟಿದ್ರು, ಅದರಲ್ಲಿ ಇಸವಿ ಜಾಗದಲ್ಲಿ ಸೀದಾ 1344 ಅಂತ ಉಂಟು, ಲಂಡನ್‌ನಲ್ಲಿ ಓದುವವರಿಗೆ ಏಳುನೂರು ವರ್ಷ ಹಿಂದಿನ ಕಾಗದ ಅಂತ ಕಾಣ್ತದೆ! ನಮ್ಮದು ಮದ್ರಾಸ್ ಪ್ರಾಂತ್ಯದ ಜಿಲ್ಲೆ ಆಗಿತ್ತಲ್ವಾ, ಆಗಿನ ಫಸಲಿ ಜುಲೈ 1ಕ್ಕೆ ಶುರು, ಜುಲೈಯಿಂದ ಡಿಸೆಂಬರ್ ಒಳಗಿನ ತಾರೀಕಾದ್ರೆ 590 ಕೂಡಿಸ್ಬೇಕು, ಜನವರಿಯಿಂದ ಜೂನ್ ಆದ್ರೆ 591. ಅಂದ್ರೆ ಫಸಲಿ 1344 ಅಂದ್ರೆ 1934-35. ಮೂಲದ ಅಂಕಿ ಹಾಗೇ ಬಿಟ್ಟು ಇದನ್ನು ನೋಟ್‌ನಲ್ಲಿ ಹಾಕಿದೆ. ಮುಡಿಯನ್ನು ಕಿಲೋಗೆ ತಿರುಗಿಸ್ಲಿಲ್ಲ. 42 ಸೇರಿಗೆ ಒಂದು ಮುಡಿ ಅಂತ ಲೆಕ್ಕ ಇದ್ರೂ ಅಳತೆ ಊರಿಂದೂರಿಗೆ ವ್ಯತ್ಯಾಸ ಇತ್ತು, ಆ ಚೀಟಲ್ಲಿ ಯಾವ ಸೇರು ಅಂತ ಬರ್ದಿರ್ಲಿಲ್ಲ.

ಓನರ್ ಅಂತ ಬರಿಯುದಿಲ್ಲ ಅಂದಾಗ ಅವರು ಹೆದರಿದ್ರು, "ಹಾಗಾದ್ರೆ ಜಾಗ ನಮ್ಮದಲ್ವಾ ಸರ್?" ಅಂತ. ನಾನು ಕೇಳಿದೆ, "ಅಮ್ಮಾ, ನಿಮ್ಮಲ್ಲಿ ಡಿಕ್ಲರೇಶನ್ ಹಾಕಿದ್ದು ಉಂಟಾ?" ಅವರ ಮಾವ ಹಾಕಿದ್ರಂತೆ. ಅಲ್ಲಿಗೆ ದಾರಿ ಸಿಕ್ಕಿತು. ಭೂಸುಧಾರಣೆಯಲ್ಲಿ ಗೇಣಿ ಕೃಷಿ ಜಮೀನು 1-3-1974ಕ್ಕೆ ಸರ್ಕಾರಕ್ಕೆ ಸೇರಿ, ಒಕ್ಕಲು ಡಿಕ್ಲರೇಶನ್ ಅಂದ್ರೆ ಫಾರ್ಮ್ 7 ಹಾಕಿ, ಟ್ರಿಬ್ಯೂನಲ್ ಆರ್ಡರ್ ಆಗಿ, ಫಾರ್ಮ್ 10ರಲ್ಲಿ ಅಧಿಭೋಗದ ಹಕ್ಕಿನ ಸರ್ಟಿಫಿಕೇಟ್ ಸಿಗ್ತಿತ್ತು. ಮನೆ ಪೆಟ್ಟಿಗೆಯಲ್ಲಿ ಹುಡುಕಿದ್ರೆ ಫಾರ್ಮ್ 10 ಇತ್ತು. ಅವರ ಹಕ್ಕು ತೋರಿಸುದು ಅದು, ಮತ್ತೆ ಈಗಿನ ಆರ್‌ಟಿಸಿ, ಚೀಟಲ್ಲ. ಅವೆರಡನ್ನು ಪೂರ್ತಿ ಟ್ರಾನ್ಸ್‌ಲೇಟ್ ಮಾಡಿ, ಕೊನೆಗೆ ಇದು ಮೂಲಕ್ಕೆ ಸರಿಯಾದ ಅನುವಾದ ಅಂತ ನನ್ನ ಪೂರ್ತಿ ಹೆಸರು, ಸಹಿ, ತಾರೀಕು, ಸಂಪರ್ಕ ವಿವರ ಹಾಕಿಕೊಟ್ಟೆ, ಯುಕೆಯವರು ಅಷ್ಟನ್ನೂ ಕೇಳ್ತಾರೆ. ಚೀಟನ್ನು ವೀಸಾ ಫೈಲ್‌ನಿಂದ ತೆಗೆಸಿದೆ.

ಎಲ್ಲರಿಗೂ ಇಷ್ಟು ಸಲೀಸಾಗಿ ಸಿಗುದಿಲ್ಲ. ಮಂಗಳೂರು ಪೇಟೆಯೊಳಗಿನ ಮೂಲಗೇಣಿ ಮನೆ ಅಡಿಗಳು ಕೃಷಿ ಜಮೀನಲ್ಲದ ಕಾರಣ ಈ ದಾರಿಗೆ ಬರ್ಲಿಲ್ಲ, ಅದಕ್ಕೆ 2011ರ ಕಾಯ್ದೆ ಬೇರೆ ಉಂಟು, ಅಂಥದ್ದಾದ್ರೆ ಮೊದಲು ನಿಮ್ಮ ವಕೀಲರಿಗೆ ತೋರಿಸಿ. ಹಕ್ಕು ಯಾರದ್ದು ಅಂತ ನಾನು ಹೇಳ್ಲಿಕ್ಕಾಗುದಿಲ್ಲ ಮಾರಾಯ್ರೆ, ಕಾಗದದಲ್ಲಿ ಎಂತ ಉಂಟು ಅಂತ ಮಾತ್ರ ಹೇಳ್ಬಹುದು. ಬರುವಾಗ ಬರೀ ಚೀಟು ತರ್ಬೇಡಿ, ಫಾರ್ಮ್ 10, ಟ್ರಿಬ್ಯೂನಲ್ ಆರ್ಡರ್, ಈಗಿನ ಆರ್‌ಟಿಸಿ ಇದ್ದದ್ದೆಲ್ಲಾ ತನ್ನಿ. ಹಾಗೇ ಮಡಿಕೆ ಬಿದ್ದ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸ್ಬೇಡಿ, ಹಿಂದಿನ ಪುಟದ ನೋಂದಣಿ ಸೀಲು ಮಸುಕಾದ್ರೆ ಅದನ್ನು ಓದ್ಲಿಕ್ಕೆ ಮತ್ತೆ ಸಬ್ ರಿಜಿಸ್ಟ್ರಾರ್ ಆಫೀಸ್‌ನಿಂದ ಸರ್ಟಿಫೈಡ್ ಕಾಪಿ ತೆಗೀಬೇಕಾಗ್ತದೆ.